ಮೂವತ್ತೆರಡನೇ ಸಾಲು

ಹೆಸರಿಲ್ಲದ ಕಾಲಂಗಳ ಶೀಟ್ ಕೈಗೆ ಬಂದರೆ ನನಗೆ ಆ ಸಂಜೆ ಬೇರೇನೂ ಬೇಡ. ವಾಮದಪದವಿನ ಸುತ್ತಮುತ್ತ ಅಡಿಕೆ ತೋಟ ಇರುವ ಕೆಲವು ಮನೆಗಳಲ್ಲಿ ಹಿರಿಯರು ಮಳೆ ಅಳೆದು ಬರೆದಿಟ್ಟ ಪುಸ್ತಕಗಳಿವೆ. ಈಗ ಮಕ್ಕಳು, ಮೊಮ್ಮಕ್ಕಳು ಅವನ್ನು ಎಕ್ಸೆಲ್‌ಗೆ ಏರಿಸುತ್ತಾರೆ. ಏರಿಸುವಾಗ ಅಂಕಿಗಳು ಬರುತ್ತವೆ, ತಲೆಬರಹ ಪುಸ್ತಕದಲ್ಲೇ ಉಳಿಯುತ್ತದೆ. ಬರೆದವರಿಗೆ ಅದು ಬಾಯಿಪಾಠ, ಹಾಗಾಗಿ ಎಷ್ಟೋ ಸಲ ಪುಸ್ತಕದಲ್ಲೂ ಇರುವುದಿಲ್ಲ.

ಕಳೆದ ಮಳೆಗಾಲಕ್ಕೆ ಮೊದಲು ಬಂದದ್ದು ಅಂಥದ್ದೇ ಒಂದು. A ಕಾಲಂನಲ್ಲಿ ಒಂದರಿಂದ ಕೆಳಗಿಳಿಯುವ ಅಂಕಿಗಳು, ಅಂದರೆ ದಿನಗಳು. B ಯಿಂದ M ವರೆಗೆ ಹನ್ನೆರಡು ಕಾಲಂ, ಅಂದರೆ ತಿಂಗಳುಗಳು. ಕಳಿಸಿದ ಹುಡುಗ ಬೆಂಗಳೂರಿನಲ್ಲಿದ್ದಾನೆ, ತೋಟ ಇಲ್ಲಿ. ಅವನ ಪ್ರಶ್ನೆ ಒಂದೇ: "ಮಾಷ್ಟ್ರೆ, ಆಟಿಯಲ್ಲಿ ಎರಡನೇ ಸಲ ಬೋರ್ಡೊ ಬಿಡಲಿಕ್ಕೆ ಸತತ ಎಷ್ಟು ದಿನ ಹೊಳವು ಸಿಗ್ತದೆ ಅಂತ ಅಜ್ಜನ ಲೆಕ್ಕದಲ್ಲಿ ನೋಡಿ ಹೇಳ್ತೀರಾ?" ಕೊಳೆರೋಗಕ್ಕೆ ಮದ್ದು ಬಿಡುವವರಿಗೆ ಆ ದಿನಗಳ ಬೆಲೆ ಗೊತ್ತು.

ಇಂಥ ಶೀಟ್ ತೆರೆದ ಕೂಡಲೇ ನಾನು ಪ್ರತಿ ತೆಗೆದಿಡುತ್ತೇನೆ, ಮೂಲವನ್ನು ಮುಟ್ಟುವುದಿಲ್ಲ. ಆಮೇಲೆ ಮೇಲೆ ಒಂದು ಖಾಲಿ ಸಾಲು ಸೇರಿಸದೆ ಯಾವುದನ್ನೂ ಟೇಬಲ್ ಮಾಡುವುದಿಲ್ಲ. ಮೊದಲ ಸಾಲು ಹೆಡರ್ ಎಂದು ಎಕ್ಸೆಲ್ ನಂಬಿಬಿಟ್ಟರೆ ಪ್ರತಿ ತಿಂಗಳ ಒಂದನೇ ದಿನದ ಮಳೆ ಕಾಲಂನ ಹೆಸರಾಗಿ ಕೂರುತ್ತದೆ, ಪಿವೋಟ್‌ನ ಮೊತ್ತದಲ್ಲಿ ಹನ್ನೆರಡು ದಿನ ಸದ್ದಿಲ್ಲದೆ ಕಾಣೆಯಾಗುತ್ತವೆ. ಆದರೆ ಆ ಖಾಲಿ ಸಾಲಿನಲ್ಲಿ ಏನನ್ನೂ ಬರೆಯುವ ಆತುರ ನನಗಿಲ್ಲ. ಬರೆಯದೆ ನೋಡುತ್ತ ಕೂರುವುದೇ ಇದರ ಸುಖ.

B ಜನವರಿಯೇ? ಹಾಗಾದರೆ ಭರ್ತಿ ಮಳೆಯ D ಮಾರ್ಚ್ ಆಗಬೇಕು, ನಮ್ಮೂರಲ್ಲಿ ಅದು ಆಗದ ಮಾತು. B ಏಪ್ರಿಲ್ ಎಂದರೆ D ಜೂನ್, E ಜುಲೈ, ಎಲ್ಲ ಸರಿ ಹೊಂದುತ್ತದೆ. ಲೆಕ್ಕದ ವರ್ಷವೂ ಏಪ್ರಿಲ್‌ನಿಂದಲೇ ತಾನೆ? ಇಲ್ಲಿಗೆ ನಿಲ್ಲಿಸಿದ್ದರೆ ಹೆಸರು ಕೊಟ್ಟು ಮುಗಿಸಿಬಿಡುತ್ತಿದ್ದೆ. ರೂಢಿಯಂತೆ ಶೀಟಿನ ತಳಕ್ಕೆ ಹೋದೆ. A ಕಾಲಂ 31ಕ್ಕೆ ನಿಂತಿರಲಿಲ್ಲ. 32 ಎಂಬ ಸಾಲಿತ್ತು. ಆ ಸಾಲಿನಲ್ಲಿ D ಯಲ್ಲಿ ಮಾತ್ರ ಒಂದು ಅಂಕಿ: 1.60.

ಜೂನ್‌ಗೆ ಮೂವತ್ತೆರಡು ದಿನ ಇಲ್ಲ. ಕಾರ್ತೆಲಿಗೆ ಇರಬಹುದು. ತುಳು ತಿಂಗಳುಗಳು ಸೂರ್ಯನ ನಡೆಯವು, ಮಳೆಗಾಲದ ತಿಂಗಳುಗಳು ಉದ್ದ, ಚಳಿಗಾಲದವು ಗಿಡ್ಡ. ಕಾರ್ತೆಲಿಗೆ ಕೆಲವು ವರ್ಷ 31 ದಿನ, ಕೆಲವು ವರ್ಷ 32. ಹಾಗಾದರೆ B ಪಗ್ಗು, C ಬೇಶ, D ಕಾರ್ತೆಲ್, E ಆಟಿ. C ಯಲ್ಲಿ ಮಳೆ ಹಿಡಿದದ್ದು 22ನೇ ದಿನದಿಂದ. ಬೇಶ ಮೇ 15ರ ಸುಮಾರಿಗೆ ಹುಟ್ಟುತ್ತದೆ, ಇಪ್ಪತ್ತೆರಡನೇ ದಿನ ಎಂದರೆ ಜೂನ್ 5. ಮುಂಗಾರು ನಮ್ಮ ಕರಾವಳಿ ಮುಟ್ಟುವ ಹೊತ್ತು ಅದೇ. ಆ ಒಂದು ಅಂಕಿ ಇಲ್ಲದೇ ಹೋಗಿದ್ದರೆ ಇಡೀ ಲೆಕ್ಕ ಹದಿನೈದು ದಿನ ಆಚೆ ಸರಿದು, ನೋಡಲಿಕ್ಕೆ ಮಾತ್ರ ಚಂದವಾಗಿಯೇ ಇರುತ್ತಿತ್ತು.

ಇಷ್ಟಾದರೂ ಅದು ನನ್ನ ಊಹೆ. ಅಜ್ಜನಿಗೆ ಫೋನ್ ಮಾಡಿದೆ. "ಇದು ಕಾರ್ತೆಲಾ?" ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಹಿರಿಯರು ಮರ್ಯಾದೆಗೆ ಹೌದು ಎಂದುಬಿಡುತ್ತಾರೆ. ಉತ್ತರವನ್ನು ಒಳಗೆ ಇಟ್ಟುಕೊಂಡ ಪ್ರಶ್ನೆ ಕೇಳಬಾರದು.

"ಅಜ್ಜ, ನಿಮ್ಮ ಪುಸ್ತಕ ಯಾವ ದಿನ ಶುರುವಾಗುವುದು?"

"ಬಿಸುವಿಗೆ. ಮತ್ತೆ ಯಾವಾಗ ಮಾರಾಯ್ರೆ?"

ಇನ್ನು ಅಳತೆ. ಮಳೆ ಬಿರುಸಾಗಿರುವ ಕಾರ್ತೆಲಿನಲ್ಲಿ ಒಂದು ದಿನಕ್ಕೆ 3.10 ಇಂಚು ಬಿದ್ದರೆ ಆಶ್ಚರ್ಯವಿಲ್ಲ, 3.10 ಮಿಲಿಮೀಟರಿನ ಸಣ್ಣ ಮಳೆಯ ದಿನವೂ ಇರುತ್ತದೆ. ಒಂದು ಸೆಲ್ ನೋಡಿ ಏನೂ ಹೇಳಲಾಗದು. ಮೇಲಿನ ಖಾಲಿ ಸಾಲು ಬಿಟ್ಟು ಇಡೀ ಕಾಲಂ ಕೇಳಬೇಕು:

```
=MAX(D2:D33)
=SUM(D2:D33)
```

ಅತಿ ಹೆಚ್ಚು 4.85, ಒಟ್ಟು 46.30. ಮಿಲಿಮೀಟರ್ ಎಂದರೆ ಕಾರ್ತೆಲಿಡೀ ಬರಗಾಲ. ಇಂಚು ಎಂದು 25.4ರಿಂದ ಗುಣಿಸಿದರೆ 1176 ಮಿಲಿಮೀಟರ್, ಅದು ನಮ್ಮ ಮಣ್ಣಿಗೆ ಗುರುತಿರುವ ಮಳೆ. ಆದರೆ E ಕಾಲಂ ಎಂಟನೇ ದಿನದವರೆಗೆ 2.15, 0.90 ಎಂದು ಸಾಗಿ, ಒಂಬತ್ತರಲ್ಲಿ ಹಠಾತ್ತಾಗಿ 74 ಆಗಿತ್ತು. ಕೇಳಿದಾಗ ಅಜ್ಜ ನೆನಪಿಸಿಕೊಂಡರು: ಇಂಚಿನ ಗೆರೆಗಳ ಹಳೆ ಅಳತೆಗಾಜು ಒಡೆದು, ಪೇಟೆಯಿಂದ ಮಿಲಿಮೀಟರಿನದ್ದು ತಂದಿದ್ದರು. ಒಂದೇ ಕಾಲಂನಲ್ಲಿ ಎರಡು ಅಳತೆ. ಹೆಡರ್‌ನಲ್ಲಿ "ಇಂಚು" ಎಂದು ಬರೆದಿದ್ದರೂ ಅದು ಅರ್ಧ ಸುಳ್ಳೇ ಆಗುತ್ತಿತ್ತು. ಅದಕ್ಕೇ ಹೆಸರು ಕೇಳಿದ ಮೇಲೆ "ನಡುವಲ್ಲಿ ಏನಾದರೂ ಬದಲಾಯಿತೇ?" ಎಂದೂ ಕೇಳುತ್ತೇನೆ.

ಕೊನೆಗೆ ಹುಡುಗನ ಪ್ರಶ್ನೆಗೆ ಬಂದೆ. ಆಟಿಯ ಕಾಲಂನಲ್ಲಿ ಎರಡು ಕಡೆ, ದೂರ ದೂರದಲ್ಲಿ, 0 ಇತ್ತು. 19, 20, 21ನೇ ದಿನಗಳು ಮಾತ್ರ ಖಾಲಿ. ಸತತ ಮೂರು ದಿನ ಹೊಳವು! ಮದ್ದು ಬಿಡಲಿಕ್ಕೆ ಇದಕ್ಕಿಂತ ಒಳ್ಳೆಯ ಸಂದು ಬೇಕೇ? ಆದರೆ 22ರಲ್ಲಿ 168 ಎಂದಿತ್ತು, ಆ ಕಾಲಂನಲ್ಲೇ ಎಲ್ಲಕ್ಕಿಂತ ದೊಡ್ಡದು. ಸೊನ್ನೆಯನ್ನು ಸೊನ್ನೆ ಎಂದೇ ಬರೆಯುವ ಮನುಷ್ಯ ಇಲ್ಲಿ ಯಾಕೆ ಖಾಲಿ ಬಿಟ್ಟರು?

"ಏನೂ ಬರೆಯದ ದಿನ ಏನಾಗಿತ್ತು ಅಜ್ಜ?"

"ಮಗಳ ಮನೆಗೆ ಬೆಳ್ತಂಗಡಿಗೆ ಹೋಗಿದ್ದೆ. ಬಂದು ನೋಡಿದರೆ ಡಬ್ಬದಲ್ಲಿ ಅಷ್ಟು ನೀರು. ಒಟ್ಟಿಗೆ ಅಳೆದು ಬರೆದೆ."

ಹೊಳವು ಎಂದು ಕಂಡ ಆ ಮೂರು ದಿನ ಮತ್ತು ಮರುದಿನ ಸೇರಿ 168 ಮಿಲಿಮೀಟರ್ ಸುರಿದಿತ್ತು. 22ನೇ ದಿನ ಒಂದೇ ದಿನದ ಮಹಾಮಳೆಯೂ ಅಲ್ಲ. ಈ ಎರಡು ಬಗೆಯ "ಇಲ್ಲ"ವನ್ನು ಎಕ್ಸೆಲ್ ಬೇರೆ ಮಾಡಿ ಎಣಿಸುತ್ತದೆ, ನಾವು ಕೇಳಿದರೆ:

```
=COUNTIF(E2:E32,0)
=COUNTBLANK(E2:E32)
```

ಮೊದಲನೆಯದು 2, ಎರಡನೆಯದು 3. ಖಾಲಿ ಸೆಲ್‌ಗಳಿಗೆಲ್ಲ ಸೊನ್ನೆ ತುಂಬಿಸಿ "ಶುಚಿ" ಮಾಡಿದ್ದರೆ ಈ ವ್ಯತ್ಯಾಸ ಶಾಶ್ವತವಾಗಿ ಅಳಿಸಿಹೋಗುತ್ತಿತ್ತು. ಸುಗ್ಗಿಯ ಕಾಲಂ ಬಹುಪಾಲು ಖಾಲಿ, ಅಲ್ಲಿ ಖಾಲಿ ಎಂದರೆ ಮಳೆ ಇಲ್ಲ ಎಂದೇ ಅರ್ಥ. ಬೇಸಗೆಯಲ್ಲಿ ಯಾರು ದಿನಾ ಡಬ್ಬ ಇಣುಕುತ್ತಾರೆ? ಒಂದೇ ಪುಸ್ತಕ, ಒಂದೇ ಕೈ, ಖಾಲಿಗೆ ಎರಡು ಅರ್ಥ.

ಇನ್ನೊಂದನ್ನು ಕೇಳಿ ಬರೆದಿಟ್ಟೆ. ಅಜ್ಜ ಅಳೆಯುವುದು ಬೆಳಿಗ್ಗೆ ಏಳಕ್ಕೆ, ಬರೆಯುವುದು ಅದೇ ದಿನದ ಮುಂದೆ. ಅಂದರೆ ಆ ಅಂಕಿಯಲ್ಲಿ ಹೆಚ್ಚಿನ ಪಾಲು ನಿನ್ನೆಯ ಮಳೆ. ಹವಾಮಾನ ಇಲಾಖೆಯ ದಿನವೂ ಬೆಳಿಗ್ಗೆ 8.30ಕ್ಕೆ ಮುಗಿಯುವುದರಿಂದ ಅವರ ಲೆಕ್ಕದೊಂದಿಗೆ ಹೆಚ್ಚುಕಡಿಮೆ ಹೊಂದುತ್ತದೆ. ರಾತ್ರಿ ಬರೆಯುವ ಮನೆಯ ಪುಸ್ತಕದೊಂದಿಗೆ ಹೋಲಿಸಿದರೆ ಒಂದು ದಿನ ತಪ್ಪುತ್ತದೆ.

ಹುಡುಗನಿಗೆ ಹೇಳಿದ್ದು ಇಷ್ಟು: ಆ ವರ್ಷದ ಆಟಿಯಲ್ಲಿ ಮಳೆ ಇಲ್ಲವೆಂದು ಖಾತ್ರಿ ಇರುವುದು ಎರಡು ದಿನ, ಅವೂ ಅಕ್ಕಪಕ್ಕ ಇಲ್ಲ. ಮೂರು ದಿನ ಯಾವಾಗ ಎಷ್ಟು ಬಿತ್ತೆಂದು ಗೊತ್ತಿಲ್ಲ. ಒಂದು ವರ್ಷದ ಶೀಟ್ ಹಿಡಿದು ಮದ್ದಿನ ದಿನ ನಿಶ್ಚಯಿಸಲಾಗದು, ಉಳಿದ ವರ್ಷಗಳನ್ನೂ ಕಳಿಸು. ಆಮೇಲೆ ಖಾಲಿ ಬಿಟ್ಟಿದ್ದ ಮೊದಲ ಸಾಲಿನಲ್ಲಿ ಪಗ್ಗು, ಬೇಶ, ಕಾರ್ತೆಲ್ ಎಂದು ಒಂದೊಂದೇ ಹೆಸರು ಟೈಪ್ ಮಾಡಿದೆ. ಆ ಹೊತ್ತಿನ ಸಮಾಧಾನಕ್ಕಾಗಿಯೇ ನಾನು ಈ ಕೆಲಸಕ್ಕೆ ಕೂರುವುದು.

ನಿಮ್ಮ ಮನೆಯಲ್ಲೂ ಇಂಥ ಪುಸ್ತಕ ಇದ್ದರೆ, ಅಂಕಿ ಏರಿಸುವ ಮೊದಲು ಬರೆದವರ ಪಕ್ಕದಲ್ಲಿ ಒಂದು ಗಳಿಗೆ ಕೂತುಕೊಳ್ಳಿ. ಆ ಶೀಟಿನ N ಕಾಲಂನಲ್ಲಿ ಆರು ಅಂಕಿಗಳಿದ್ದವು. ಅವು ಏನೆಂದು ಅಜ್ಜನಿಗೂ ನೆನಪಾಗಲಿಲ್ಲ. ಅದಕ್ಕೆ "ತಿಳಿಯದು" ಎಂದು ಹೆಸರಿಟ್ಟು ಹಾಗೆಯೇ ಬಿಟ್ಟಿದ್ದೇನೆ.