ಕೂದಲಿಗೆ ಒಪ್ಪುವ ಬಣ್ಣ

ಅಡಿಕೆ ತೋಟದ ನೆರಳಲ್ಲಿ ತೆಗೆದ ಫೋಟೋಗಳಲ್ಲಿ ಶಿರ್ತಾಡಿಯ ನಾವೆಲ್ಲ ಸ್ವಲ್ಪ ಹಸಿರು. ಚಿಕ್ಕಮ್ಮನ ಮಗಳು ಕಳಿಸಿದ್ದೂ ಅಂಥದ್ದೇ ಫೋಟೋ. "ಅಕ್ಕ, ಮದುವೆಗೆ ಕೂದಲಿಗೆ ಬಣ್ಣ ಹಾಕಿಸ್ಬೇಕು. ನಾನು ಸ್ವಲ್ಪ ಬೆಳ್ಳಗೆ ಕಾಣುವಂಥದ್ದು ಎಡಿಟ್ ಮಾಡಿ ತೋರಿಸು" ಎಂದಳು.

ಮೈಬಣ್ಣ ಕಪ್ಪೋ ಬಿಳುಪೋ ಎಂಬುದು ಬೇರೆ, ಅದರಡಿಯ ಛಾಯೆ ಹಳದಿಗೆ ಎಳೆಯುತ್ತದೋ ಗುಲಾಬಿಗೋ ಎಂಬುದು ಬೇರೆ. ಕೂದಲ ಬಣ್ಣ ಆರಿಸಲು ಬೇಕಾದದ್ದು ಎರಡನೆಯದು. ತೋಟದಿಂದ ದೂರ, ಬಯಲಿನಲ್ಲಿ, ಕೆನ್ನೆಯ ಪಕ್ಕ ಬಿಳಿ ಹಾಳೆ ಹಿಡಿದು ಇನ್ನೊಂದು ಫೋಟೋ ತೆಗೆಯಲು ಹೇಳಿದೆ. ಆ ಹಾಳೆ ಬಿಳಿಯಾಗಿ ಕಾಣುವವರೆಗೆ ಫೋಟೋದ ಬಣ್ಣ ಸರಿಪಡಿಸಿದಾಗ, ಅವಳ ಕಂದು ಮೈಯ ಅಡಿಯಲ್ಲಿ ಹೊನ್ನಿನ ಛಾಯೆ ಕಂಡಿತು. ಮುಖವನ್ನು ಬೆಳ್ಳಗೆ ಮಾಡಲಿಲ್ಲ. ಮಾಡಿದರೆ ಬೇರೆ ಯಾರಿಗೋ ಬಣ್ಣ ಆರಿಸಿದಂತಾಗುತ್ತಿತ್ತು.

ಬೂದಿ ಬೆರೆತ ಕಂದು ಹಚ್ಚಿ ನೋಡಿದೆ. ಮುಖ ದಣಿದಂತೆ ಕಂಡು, ಕಣ್ಣಡಿಯ ಕಪ್ಪು ಎದ್ದು ತೋರಿತು. ತಾಮ್ರದ ಕಂದು ಹಚ್ಚಿದಾಗ ಅದೇ ಕಪ್ಪು ಹಿಂದೆ ಸರಿಯಿತು. ಒಪ್ಪುವ ಬಣ್ಣದಲ್ಲಿ ಮೊದಲು ಕಾಣುವುದು ಮುಖ, ಆಮೇಲೆ ಕೂದಲು.

ಫೋಟೋಶಾಪ್‌ನ `Color` ಮೋಡ್ ಬಣ್ಣವನ್ನಷ್ಟೇ ಬದಲಿಸಿ, ಕೆಳಗಿನ ಬೆಳಕು-ನೆರಳನ್ನು ಹಾಗೇ ಉಳಿಸುತ್ತದೆ. ಹಾಗಾಗಿ ಕರಿಕೂದಲಲ್ಲಿ ತಾಮ್ರ ಮಿಂಚಿದ್ದು ಬೆಳಕು ಬಿದ್ದ ಎಳೆಗಳಲ್ಲಿ ಮಾತ್ರ. "ಇಷ್ಟೇನಾ?" ಎಂದಳು. ಬ್ಲೀಚ್ ಮಾಡದೆ ಹಚ್ಚಿದರೆ ನಿಜಕ್ಕೂ ಹೆಚ್ಚುಕಡಿಮೆ ಇಷ್ಟೇ. ಕೂದಲನ್ನು ತಿಳಿಯಾಗಿಸಿದ ಇನ್ನೊಂದು ಚಿತ್ರವನ್ನೂ ಕಳಿಸಿ, 'ಇದು ಬ್ಲೀಚ್ ಮಾಡಿಸಿದರೆ ಮಾತ್ರ' ಎಂದು ಬರೆದೆ. ಆ ಒಂದು ಸಾಲಿಲ್ಲದಿದ್ದರೆ, ಪಾರ್ಲರ್‌ನಲ್ಲಿ ಸಿಗದ ಕೂದಲನ್ನು ನಾನು ಅವಳಿಗೆ ತೋರಿಸಿದಂತಾಗುತ್ತಿತ್ತು.