ಕಪ್ಪು ಪರದೆ ಮತ್ತು ಒಂದು ಕಾಗದ

ವ್ಯವಹಾರ ಪತ್ರ ಬರೆಯುವ ಕ್ರಮವನ್ನು ಮಕ್ಕಳಿಗೆ ಹೇಳಿಕೊಡಲು ತೊಡಗಿ ನನಗೆ ಇಪ್ಪತ್ತು ವರ್ಷ ಸಂದಿತು. ಎಡಗಡೆ 'ಇಂದ', ಕೆಳಗೆ 'ಗೆ', ಆ ಬಳಿಕ 'ಮಾನ್ಯರೇ', ಕೊನೆಗೆ 'ತಮ್ಮ ವಿಶ್ವಾಸಿ'. ಈ ಚೌಕಟ್ಟು ಸರಿಯಿದ್ದರೆ ಒಳಗೆ ಏನಿದ್ದರೂ ಅರ್ಧ ಅಂಕ ಕೊಟ್ಟುಬಿಡುವವನು ನಾನು. ಆದರೆ ಅಂಗಡಿಯವರಿಗೆ ನಿಜವಾಗಿಯೇ ಒಂದು ಕಾಗದ ಬರೆದು ಕೆಲಸ ಸಾಧಿಸಬೇಕಾದ ಪ್ರಸಂಗ ಒದಗಿದ್ದು 2025ರ ನವೆಂಬರಿನಲ್ಲಿ.

ನನ್ನ ತಂಗಿಯ ಮಗ ಕಾಲೇಜಿನಲ್ಲಿ ಓದುತ್ತಿದ್ದಾನೆ. ಎರಡು ರಜೆಗಳಲ್ಲಿ ಅಡಿಕೆ ಸುಲಿದು ಕೂಡಿಟ್ಟ ಹಣಕ್ಕೆ ತಾಯಿಯ ಚೀಟಿಯ ಹಣವನ್ನೂ ಸೇರಿಸಿ, ದೀಪಾವಳಿಗೆ ಎರಡು ದಿನ ಮುಂಚೆ, ಅಂದರೆ ಅಕ್ಟೋಬರ್ 18ರಂದು, ಮಂಗಳೂರಿನ ಒಂದು ಅಂಗಡಿಯಿಂದ ಟಿ.ವಿ.ಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್ ತಂದ. ಬೆಲೆ ಐವತ್ತು ಸಾವಿರದ ಹತ್ತಿರ. ಆಟಕ್ಕೆ ಇಷ್ಟು ಹಣವೇ ಎಂದು ಆಗ ಗದರಿಸಿದವನು ನಾನೇ. ನವೆಂಬರ್ 5ರಂದು ಪರದೆ ಪೂರ್ತಿ ಕಪ್ಪಾದಾಗ ಅವನು ಅಳುಮುಖ ಮಾಡಿಕೊಂಡು ಬಂದದ್ದೂ ನನ್ನಲ್ಲಿಗೇ.

"ಮಾವ, ಅಂಗಡಿಗೆ ಫೋನ್ ಮಾಡಿದೆ. ಬದಲಿ ಕೊಡುವುದು ಏಳು ದಿನದೊಳಗೆ ಮಾತ್ರವಂತೆ. ಇನ್ನು ಕಂಪೆನಿಯವರನ್ನು ಕೇಳಿ ಎಂದರು. ನೀವೊಂದು ಕಾಗದ ಬರೆದು ಕೊಡಿ" ಎಂದ.

ಬರೆದೆ. 'ಸುಪ್ರಸಿದ್ಧವಾದ ತಮ್ಮ ಮಳಿಗೆಯಲ್ಲಿ ಅಪಾರ ವಿಶ್ವಾಸವಿರಿಸಿ' ಎಂದು ಆರಂಭಿಸಿ, 'ತಮ್ಮ ಔದಾರ್ಯಕ್ಕೆ ಚಿರಋಣಿ' ಎಂದು ಮುಗಿಸಿದೆ. ಹುಡುಗ ಓದಿ, "ಚೆಂದ ಉಂಟು ಮಾವ. ಆದರೆ ಏನು ಹಾಳಾಗಿದೆ ಎಂದೇ ಇದರಲ್ಲಿ ಇಲ್ಲವಲ್ಲ" ಎಂದ. ಇಂಥ ಮಾತನ್ನು ನಾನು ಎಷ್ಟು ಮಕ್ಕಳ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಬರೆದಿಲ್ಲ!

ಹಾಗಾಗಿ ಮೊದಲು ಯಂತ್ರವನ್ನು ನೋಡಲು ಹೋದೆ. ಅದರ ಬೆನ್ನಿನಲ್ಲಿ ಎಚ್‌ಡಿಎಂಐ ಎಂಬ ಚಪ್ಪಟೆ ಪೋರ್ಟ್ ಇದೆ. ಚಿತ್ರ, ಧ್ವನಿ ಎರಡೂ ಒಂದೇ ಕೇಬಲಿನಲ್ಲಿ ಟಿ.ವಿ.ಗೆ ಹೋಗುವುದು ಅಲ್ಲಿಂದ. ಒಳಗೆ ಕೂದಲೆಳೆಯಂಥ 19 ಪಿನ್ನುಗಳಿವೆ. ಎಲ್ಲವೂ ಚಿತ್ರವನ್ನೇ ಸಾಗಿಸುವುದಿಲ್ಲ, ಟಿ.ವಿ.ಯೂ ಯಂತ್ರವೂ ಪರಸ್ಪರ ಗುರುತು ಹೇಳಿಕೊಳ್ಳಲು ಕೆಲವು ಇವೆ. ಆ ಸಂಭಾಷಣೆ ಕಡಿದರೆ, ಉಳಿದ ಪಿನ್ನುಗಳು ನೆಟ್ಟಗಿದ್ದರೂ ಚಿತ್ರ ಮೂಡದೆ ಹೋಗಬಹುದು. ಆದ್ದರಿಂದ ಪರದೆ ಕಪ್ಪಾದ ಮಾತ್ರಕ್ಕೆ ತಪ್ಪು ಪೋರ್ಟಿನದೇ ಎನ್ನುವ ಹಾಗಿಲ್ಲ. ಕೇಬಲಿನದಿರಬಹುದು, ಟಿ.ವಿ.ಯದಿರಬಹುದು, ಟಿ.ವಿ.ಗೆ ತಡೆದುಕೊಳ್ಳಲಾಗದ ಸೂಕ್ಷ್ಮ ಚಿತ್ರವನ್ನು ಯಂತ್ರ ಕಳಿಸುತ್ತಿರಲೂಬಹುದು.

ಒಂದೊಂದನ್ನೇ ಕಳೆಯುತ್ತ ಬಂದೆವು. ಬೇರೆ ಕೇಬಲ್ ಹಾಕಿದೆವು. ಟಿ.ವಿ.ಯ ಎರಡನೆಯ ಪೋರ್ಟಿಗೆ ಚುಚ್ಚಿದೆವು. ಯಂತ್ರವನ್ನು ಹೊತ್ತುಕೊಂಡು ನೆರೆಮನೆಯ ಟಿ.ವಿ.ಗೂ ಜೋಡಿಸಿದೆವು. ಕನಿಷ್ಠ ಚಿತ್ರಮಟ್ಟದಲ್ಲಿ ತೆರೆದುಕೊಳ್ಳುವ ಸುರಕ್ಷಿತ ಕ್ರಮವೊಂದು ಯಂತ್ರದಲ್ಲಿತ್ತು, ಅದನ್ನೂ ನೋಡಿದೆವು. ಎಲ್ಲ ಕಡೆಯೂ ಕಪ್ಪು. ಆದರೆ ಕೇಬಲಿನ ತಲೆಯನ್ನು ಬೆರಳಿನಿಂದ ತುಸು ಮೇಲಕ್ಕೆ ಒತ್ತಿ ಹಿಡಿದರೆ ಚಿತ್ರ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಬೇರೆ ಕೇಬಲಿಗೂ ಹಾಗೆಯೇ. ಟಾರ್ಚ್ ಬಿಟ್ಟು ನೋಡಿದರೆ ಪಿನ್ನುಗಳು ಸಾಲಾಗಿ ನೆಟ್ಟಗಿದ್ದವು. ಬಾಗಿದ್ದಾಗಲಿ ಅಂಚು ಜಜ್ಜಿದ್ದಾಗಲಿ ಇಲ್ಲ. ಅಂದರೆ ಪೋರ್ಟನ್ನು ಒಳಗಿನ ಹಲಗೆಗೆ ಹಿಡಿದಿಡುವ ಬೆಸುಗೆ ಸಡಿಲವಾಗಿರಬೇಕು. ಇದು ಮುಖ್ಯ ವಿಷಯ. ವಾರಂಟಿ ಒಂದು ವರ್ಷದ್ದಾದರೂ ಬಳಸಿದವರಿಂದಾದ ಭೌತಿಕ ಹಾನಿ ಅದರಲ್ಲಿ ಸೇರುವುದಿಲ್ಲ. ಬಾಗಿದ ಪಿನ್ನು ಕಂಡರೆ ಅದನ್ನು ನಿಮ್ಮ ತಲೆಗೇ ಕಟ್ಟುತ್ತಾರೆ. ಪೇಟೆಯ ಮೊಬೈಲ್ ರಿಪೇರಿಯವನು ಸಂಜೆಯೊಳಗೆ ಬೆಸುಗೆ ಹಾಕಿಕೊಡುತ್ತೇನೆಂದ. ನಾನು ಒಪ್ಪಲಿಲ್ಲ. ಹೊರಗಿನವರು ಮುಚ್ಚಳ ಬಿಚ್ಚಿದರೆ, ಬೆಸುಗೆ ಮೊದಲು ಹೇಗಿತ್ತೆಂದು ತೋರಿಸುವ ಸಾಕ್ಷಿಯೇ ಹೋಗುತ್ತದೆ.

ಬಳಿಕ ಹುಡುಗನನ್ನು ಕೂರಿಸಿಕೊಂಡು ತಾರೀಕುಗಳನ್ನು ಕೇಳಿದೆ. ಚಿತ್ರ ಮಿನುಗಲು ಆರಂಭವಾದದ್ದು ತಂದ ಮೂರನೆಯ ದಿನ, ಅಕ್ಟೋಬರ್ 21ರಂದು. ಗೆಳೆಯನಿಗೆ ತೋರಿಸಲು ಆಗ ತೆಗೆದ ವೀಡಿಯೊ ಮೊಬೈಲಿನಲ್ಲಿತ್ತು. ಮರುದಿನ ಅಂಗಡಿಗೆ ಫೋನ್ ಮಾಡಿದಾಗ "ಕೇಬಲ್ ಬದಲಾಯಿಸಿ ನೋಡಿ" ಎಂದಿದ್ದರಂತೆ. ಆ ಕರೆಯ ದಾಖಲೆಯೂ ಇತ್ತು. ಏಳು ದಿನದೊಳಗೇ ದೂರು ಮುಟ್ಟಿತ್ತು ಎಂದಾಯಿತಲ್ಲ! ನಾನು ಹಿಗ್ಗಿ, 'ಯಂತ್ರವನ್ನು ಯಾರೂ ಅಲುಗಿಸಿಲ್ಲ' ಎಂಬ ವಾಕ್ಯವನ್ನು ಬರೆದು, "ಸರಿಯಲ್ಲವೇ?" ಎಂದೆ.

ಹುಡುಗ ನೆಲ ನೋಡಿದ. ನವೆಂಬರ್ 2ರಂದು ತುಳಸಿಪೂಜೆಗೆ ನೆಂಟರು ಬಂದಾಗ ಮೇಜನ್ನು ಸರಿಸಿದ್ದ; ಕೇಬಲ್ ಚುಚ್ಚಿದ ಹಾಗೆಯೇ ಯಂತ್ರವನ್ನು ತಿರುಗಿಸಿದ್ದ. ಹಾಗೆ ಮಾಡಿದರೆ ಕೇಬಲ್ ಸನ್ನೆಗೋಲಿನ ಹಾಗೆ ಪೋರ್ಟನ್ನು ಮೀಟುತ್ತದೆ.

"ಅದನ್ನು ಬರೆಯಬೇಕಾ ಮಾವ? ಅವರಿಗೆ ಗೊತ್ತಾಗುವುದಿಲ್ಲ" ಎಂದ. ಒಂದು ಗಳಿಗೆ ನನಗೂ ಬಾಯಿ ಬರಲಿಲ್ಲ. ಅಡಿಕೆ ಸಿಪ್ಪೆಯ ಕರೆ ಹಿಡಿದ ಅವನ ಬೆರಳುಗಳು ಕಣ್ಣೆದುರಿಗೇ ಇದ್ದವು. ಬರೆದರೆ ಅಂಗಡಿಯವರಿಗೆ ಒಂದು ನೆಪ ಸಿಗುತ್ತದೆ. ಬರೆಯದಿದ್ದರೆ ನನ್ನ ಕೈಯಿಂದ ಒಂದು ಸುಳ್ಳು. ಕೊನೆಗೆ ಆ ವಾಕ್ಯವನ್ನು ಹೊಡೆದುಹಾಕಿ ಎರಡು ತಾರೀಕುಗಳನ್ನೂ ಅಕ್ಕಪಕ್ಕದಲ್ಲಿಟ್ಟೆ. ಕಾಗದದ ಒಡಲು ಇಷ್ಟಾಯಿತು:

'18-10-2025ರ ಬಿಲ್ಲಿನಂತೆ ತಮ್ಮಲ್ಲಿ ಕೊಂಡ ಕನ್ಸೋಲಿನ ಎಚ್‌ಡಿಎಂಐ ಪೋರ್ಟ್ ದೋಷದಿಂದ ಕೂಡಿದೆ. ಬಿಲ್ ನಂಬ್ರ ಮತ್ತು ಸೀರಿಯಲ್ ನಂಬ್ರ ಮೇಲೆ ಕೊಟ್ಟಿದೆ. 21ರಿಂದ ಚಿತ್ರ ಮಿನುಗುತ್ತಿತ್ತು. 22ರಂದು ತಮಗೆ ಫೋನಿನಲ್ಲಿ ತಿಳಿಸಿದೆವು. ನವೆಂಬರ್ 2ರಂದು ಕೇಬಲ್ ಇರುವಂತೆಯೇ ಯಂತ್ರವನ್ನು ಒಮ್ಮೆ ತಿರುಗಿಸಿದ್ದುಂಟು. ದೋಷ ಅದಕ್ಕೂ 12 ದಿನ ಹಿಂದಿನದು. 5ರಿಂದ ಚಿತ್ರವಿಲ್ಲ. ಎರಡು ಕೇಬಲ್, ಎರಡು ಟಿ.ವಿ.ಗಳಲ್ಲಿ ಪರೀಕ್ಷಿಸಿದ್ದೇವೆ. ಪಿನ್ನುಗಳು ಬಾಗಿಲ್ಲ, ಯಂತ್ರವನ್ನು ಬಿಚ್ಚಿಲ್ಲ. ಬದಲಿ ಯಂತ್ರ ಕೊಡಬೇಕಾಗಿಯೂ, 15 ದಿನಗಳೊಳಗೆ ಲಿಖಿತ ಉತ್ತರ ಕಳುಹಿಸಬೇಕಾಗಿಯೂ ಕೋರಿಕೆ.'

ಜೊತೆಗೆ ಬಿಲ್ಲಿನ ಪ್ರತಿ, ವಾರಂಟಿ ಕಾರ್ಡಿನ ಪ್ರತಿ, ಪೋರ್ಟಿನ ಫೋಟೋ ಇಟ್ಟೆವು. ಮೂಲ ಬಿಲ್ಲನ್ನು ಕಳಿಸಲಿಲ್ಲ. ಕಂಪೆನಿಯವರಿಗೆಂದು ಇದೇ ಒಕ್ಕಣೆಯನ್ನು ಇಂಗ್ಲಿಷಿನಲ್ಲೂ ಬರೆದು ಲಗತ್ತಿಸಿದೆ. ಕಾಸರಗೋಡಿನಲ್ಲಿ ಎರಡು ಭಾಷೆಗಳ ನಡುವೆ ಓದಿದ್ದು ಹೀಗೆ ಕೆಲಸಕ್ಕೆ ಬಂತು. ರಿಜಿಸ್ಟರ್ಡ್ ಅಂಚೆ 2025ರಲ್ಲೇ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿತ್ತಾದ್ದರಿಂದ ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ ರಶೀದಿಯನ್ನು ಕಾಪಾಡಿದೆ.

ಅಂಗಡಿ ಗಡಿಯ ಆಚೆ, ನಾವು ಈಚೆ; ಉತ್ತರ ಬರದಿದ್ದರೆ ಮಂಗಳೂರಿಗೆ ಅಲೆಯಬೇಕಾದೀತೆ ಎಂಬ ಚಿಂತೆ ತಂಗಿಗಿತ್ತು. 1986ರ ಗ್ರಾಹಕ ಕಾಯಿದೆ ಇದ್ದಾಗ, ವ್ಯಾಪಾರಿ ಇರುವಲ್ಲಿ ಅಥವಾ ವ್ಯವಹಾರ ನಡೆದಲ್ಲಿ ದೂರು ಕೊಡಬೇಕಿತ್ತು. 2019ರ ಕಾಯಿದೆಯಂತೆ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ದೋಷ ನಿವಾರಿಸಲು, ಬದಲಿ ಕೊಡಲು ಅಥವಾ ಹಣ ಮರಳಿಸಲು ಆಜ್ಞೆ ಮಾಡುವ ಅಧಿಕಾರ ಆಯೋಗಕ್ಕಿದೆ. ಇದನ್ನು ಕಾಗದದಲ್ಲಿ ಬರೆದು ಬೆದರಿಸಲಿಲ್ಲ. ಎರಡನೆಯ ಕಾಗದಕ್ಕೆಂದು ಇಟ್ಟುಕೊಂಡೆ.

ಅದು ಬೇಕಾಗಲಿಲ್ಲ. ಒಂಬತ್ತನೆಯ ದಿನ ಅಂಗಡಿಯಿಂದ ಫೋನ್ ಬಂತು, ಯಂತ್ರವನ್ನು ಪೆಟ್ಟಿಗೆ ಸಮೇತ ತನ್ನಿರಿ ಎಂದು. ಅಲ್ಲಿಯ ತರುಣ ಭೂತಗನ್ನಡಿ ಹಿಡಿದು ಪೋರ್ಟನ್ನು ಬಹಳ ಹೊತ್ತು ನೋಡಿ, "ತಿರುಗಿಸಿದ್ದನ್ನು ಯಾಕೆ ಬರೆದಿರಿ ಮಾಷ್ಟ್ರೇ? ಯಾರೂ ಬರೆಯುವುದಿಲ್ಲ" ಎಂದು ನಕ್ಕ. ಯಂತ್ರ ಕಂಪೆನಿಗೆ ಹೋಯಿತು. ಡಿಸೆಂಬರ್ ಮೊದಲ ವಾರದಲ್ಲಿ ಬದಲಿ ಬಂತು.

ಆದರೆ ಬದಲಿ ಯಂತ್ರಕ್ಕೆ ವಾರಂಟಿ ಹೊಸದಾಗಿ ಆರಂಭವಾಗಲಿಲ್ಲ. ಹಳೆಯ ಬಿಲ್ಲಿನ ತಾರೀಕಿನಿಂದಲೇ ಲೆಕ್ಕವಂತೆ. ಬಿಲ್ಲಿನಲ್ಲಿರುವುದು ಹಳೆಯ ಯಂತ್ರದ ಸೀರಿಯಲ್ ನಂಬ್ರ, ಕೈಯಲ್ಲಿರುವುದು ಬೇರೆ ಯಂತ್ರ. ನಾಳೆ ಇದೂ ಕೆಟ್ಟರೆ? ಬಿಲ್ಲಿನ ಮೇಲೆ ಹೊಸ ನಂಬ್ರ ಬರೆದು ಸಹಿ, ಮೊಹರು ಹಾಕಿಕೊಡಿ ಎಂದು ಕುಳಿತೆ. ಮೊಹರು ಹುಡುಕಲು ಅವರಿಗೆ ಅರ್ಧ ಗಂಟೆ ಹಿಡಿಯಿತು. ಹುಡುಗ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತು, "ಮಾವ, ಕಾಸರಗೋಡಿನ ಬಸ್ಸು ಹೋಯಿತು" ಎಂದ.