ತಾಳೆಯಾದ ಮೇಲೂ ಉಳಿದ ಒಂದು ಸಾವಿರ

ಮಾರ್ಚ್ 31ರ ರಾತ್ರಿ. ತರಾವೀಹ್ ನಮಾಜ್ ಮುಗಿಸಿ ಬಂದ ಮಾಮು ನನ್ನ ಮುಂದೆ ಲೆಡ್ಜರ್ ಇಟ್ಟು, "ಕಾಮರ್ಸ್ ಓದ್ತೀಯಲ್ಲ ಬೇಟಾ, ಇದನ್ನ ತಾಳೆ ಮಾಡಿಕೊಡು" ಅಂದರು. ಕೊಳ್ಳೇಗಾಲದಲ್ಲಿ ಅವರದು ರೇಷ್ಮೆ ಸೀರೆಯ ಸಣ್ಣ ವ್ಯಾಪಾರ. ಹನೂರು, ಯಳಂದೂರಿನ ಅಂಗಡಿಗಳಿಗೆ ಸಾಲದ ಮೇಲೆ ಸರಕು ಕಳಿಸುತ್ತಾರೆ. ಲೆಕ್ಕ ಇನ್ನೂ ಕೈಬರಹದಲ್ಲೇ ಇದೆ.

ಟ್ರಯಲ್ ಬ್ಯಾಲೆನ್ಸ್ ಬರೆದೆ. ಡೆಬಿಟ್ ಮೊತ್ತ 5,12,840. ಕ್ರೆಡಿಟ್ ಮೊತ್ತ 5,10,140. ವ್ಯತ್ಯಾಸ 2,700.

ತರಗತಿಯಲ್ಲಾದರೆ ಈ 2,700ನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದೆ. ಇಲ್ಲಿ ಅದು ಯಾರದೋ ಹಣ. ಮೊದಲು ಎರಡೂ ಮೊತ್ತಗಳನ್ನು ಕೆಳಗಿನಿಂದ ಮೇಲಕ್ಕೆ ಮತ್ತೆ ಕೂಡಿದೆ, ಸರಿಯಿತ್ತು. ಲೆಡ್ಜರಿನ ಪ್ರತಿ ಖಾತೆಯ ಶಿಲ್ಕೂ ಪಟ್ಟಿಗೆ ಬಂದಿದೆಯೇ ಎಂದು ನೋಡಿದೆ, ಬಂದಿತ್ತು. 2,700 ಎಂಬ ಮೊತ್ತವೇ ಎಲ್ಲಾದರೂ ಬಿಟ್ಟುಹೋಗಿದೆಯೇ ಎಂದು ಹುಡುಕಿದೆ, ಸಿಗಲಿಲ್ಲ.

ಆಮೇಲೆ ವ್ಯತ್ಯಾಸದ ಅರ್ಧ. ಕ್ರೆಡಿಟ್ ಬದಿಗೆ ಹೋಗಬೇಕಾದ 1,350 ಡೆಬಿಟ್ ಬದಿಗೆ ಹೋಗಿದ್ದರೆ ಒಂದು ಕಡೆ ಹೆಚ್ಚಾಗಿ ಇನ್ನೊಂದು ಕಡೆ ಕಡಿಮೆಯಾಗಿ, ಅದರ ಎರಡರಷ್ಟು ವ್ಯತ್ಯಾಸ ಬರುತ್ತದೆ. ನೋಡಿದರೆ ಕರೆಂಟ್ ಬಿಲ್ ಸರಿಯಾಗಿ 1,350! ಡೆಬಿಟ್ ಬದಿಯಲ್ಲಿದೆ. ಅದನ್ನು ಕ್ರೆಡಿಟ್‌ಗೆ ತಳ್ಳಿದರೆ ತಕ್ಷಣ ತಾಳೆಯಾಗುತ್ತದೆ. ನಿಜ ಹೇಳುತ್ತೇನೆ, ಪೆನ್ನು ಎತ್ತಿದ್ದೆ. ಆದರೆ ಕರೆಂಟ್ ಬಿಲ್ ಖರ್ಚು, ಖರ್ಚು ಡೆಬಿಟ್‌ನಲ್ಲೇ ಇರಬೇಕು. ಮೊತ್ತ ಹೊಂದಿದ್ದು ಬರೀ ಕಾಕತಾಳೀಯ.

ಕೊನೆಗೆ ಒಂಬತ್ತರಿಂದ ಭಾಗಿಸಿದೆ. 2,700ಕ್ಕೆ 300, ಶೇಷವಿಲ್ಲ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಸಾವಿರದ ಮತ್ತು ನೂರರ ಅಂಕಿ ಬದಲಾಗಿದ್ದರೆ ವ್ಯತ್ಯಾಸ 900ರ ಗುಣಕ. 2,700 ಅಂದರೆ 900ರ ಮೂರರಷ್ಟು, ಹಾಗಾಗಿ ಆ ಎರಡು ಅಂಕಿಗಳ ನಡುವೆ ಮೂರರ ಅಂತರವಿರಬೇಕು: 41, 52, 63, 74 ಹೀಗೆ. ಇದು ಸುಳಿವು ಮಾತ್ರ, ಪುರಾವೆಯಲ್ಲ. 520ನ್ನು 52 ಎಂದು ಬರೆದರೂ ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆ, ಎರಡು ಮೂರು ತಪ್ಪು ಸೇರಿದ್ದರೆ ಈ ಸುಳಿವೇ ಮುಚ್ಚಿಹೋಗುತ್ತದೆ. ಅದೃಷ್ಟಕ್ಕೆ ಅಂಥ ಅಂಕಿಗಳನ್ನಷ್ಟೇ ಹುಡುಕುತ್ತಾ ಹೋದಾಗ ಯಳಂದೂರಿನ ಅಂಗಡಿಯ ಖಾತೆ ಸಿಕ್ಕಿತು. ನಗದು ಪುಸ್ತಕದಲ್ಲಿ ಅವರಿಂದ ಬಂದದ್ದು 5,200. ಅವರ ಖಾತೆಯ ಕ್ರೆಡಿಟ್‌ನಲ್ಲಿ 2,500. ನಗದು ಸರಿ, ಖಾತೆ ಮಾತ್ರ ತಪ್ಪು. ಒಂದೇ ಬದಿಯ ತಪ್ಪು ಅಂದರೆ ಇದೇ. ಅವರು ಕೊಟ್ಟ ಹಣದಲ್ಲಿ 2,700 ನಮ್ಮ ಪುಸ್ತಕದಲ್ಲಿ ಬಾಕಿಯಾಗಿಯೇ ನಿಂತಿತ್ತು. ತಿದ್ದಿದೆ. ಎರಡೂ ಕಡೆ 5,10,140.

ಖುಷಿಯಿಂದ ಮಾಮುವಿಗೆ ತೋರಿಸಿದೆ. ಅವರು ಮೊತ್ತದ ಕಡೆ ಕಣ್ಣು ಹಾಯಿಸಲೇ ಇಲ್ಲ. ಬಾಕಿದಾರರ ಪಟ್ಟಿ ಓದಿ, "ಹನೂರಿನವರದು 18,400 ಹೇಗೆ? ಹತ್ತೊಂಬತ್ತು ಸಾವಿರದ ಮೇಲಿರಬೇಕಲ್ಲ" ಅಂದರು. ಬಿಲ್ ಪುಸ್ತಕ ತೆಗೆದೆವು. ಬಿಲ್ಲಿನಲ್ಲೂ ಮಾರಾಟ ಪುಸ್ತಕದಲ್ಲೂ 9,600, ಖಾತೆಗೆ ಏರಿಸುವಾಗ 8,600. ತಿದ್ದಿದ ಕೂಡಲೇ ಬಾಕಿ 19,400 ಆಯಿತು, ಟ್ರಯಲ್ ಬ್ಯಾಲೆನ್ಸ್ ಮತ್ತೆ ಕೆಟ್ಟಿತು!

ಈಗ ಕ್ರೆಡಿಟ್ ಒಂದು ಸಾವಿರ ಕಡಿಮೆ. ಅಂದರೆ ಅಷ್ಟೇ ಮೊತ್ತದ ಇನ್ನೊಂದು ತಪ್ಪು ಆ ಬದಿಯಲ್ಲಿ ಮೊದಲಿನಿಂದಲೂ ಕೂತಿದ್ದು, ಹನೂರಿನ ತಪ್ಪನ್ನು ಸರಿದೂಗಿಸಿಕೊಂಡು ಬಂದಿತ್ತು. 1,000 ಒಂಬತ್ತರಿಂದ ಭಾಗವಾಗುವುದಿಲ್ಲ, ಅದಲುಬದಲಲ್ಲ. ಹೀಗೆ ದುಂಡಗಿನ ವ್ಯತ್ಯಾಸ ಬಂದರೆ ಕೂಡುವಾಗಲೋ ಪುಟದ ಮೊತ್ತ ಮುಂದಕ್ಕೆ ಒಯ್ಯುವಾಗಲೋ ಎಡವಿರುವ ಸಾಧ್ಯತೆ ಹೆಚ್ಚು. ಕ್ರೆಡಿಟ್ ಬದಿಯಲ್ಲಿ ಹಾಗೆ ಪುಟ ಕೂಡಿ ಬಂದ ದೊಡ್ಡ ಮೊತ್ತ ಮಾರಾಟದ್ದು. ಮಾರಾಟ ಪುಸ್ತಕದ ಮೂರನೇ ಪುಟದ ಕೆಳಗೆ 42,350, ನಾಲ್ಕನೇ ಪುಟದ ಮೇಲೆ 41,350. ಗ್ರಾಹಕರ ಖಾತೆಗೆ ಬಿಲ್ಲುಗಳು ಒಂದೊಂದಾಗಿ ಹೋಗುತ್ತವೆ, ಮಾರಾಟ ಖಾತೆಗೆ ಹೋಗುವುದು ಒಟ್ಟು ಮೊತ್ತ. ಆದ್ದರಿಂದ ಈ ತಪ್ಪು ಕ್ರೆಡಿಟನ್ನು ಮಾತ್ರ ಕೆಡಿಸಿತ್ತು. ಲಾಭವೂ ಒಂದು ಸಾವಿರ ಕಡಿಮೆ ತೋರುತ್ತಿತ್ತು.

ತಿದ್ದಿದ ಮೇಲೆ ಎರಡೂ ಕಡೆ 5,11,140.

"ಮಾಮು, ನಿಮಗೆ ನೆನಪಿಲ್ಲದೇ ಇದ್ದಿದ್ದರೆ?" ಅಂದೆ.

"ಹನೂರಿನವರು ಹೇಳ್ತಿದ್ರೋ ಏನೋ" ಎಂದು ನಕ್ಕರು. ಹಾಗೆ ಹೇಳುವವರೇ ಆದರೂ, ಕೇಳುವ ಅವಕಾಶ ನಾವೇ ಕೊಡಬೇಕು. ಆ ರಾತ್ರಿ ಉಳಿದ ಬಾಕಿದಾರರ ಖಾತೆಗಳನ್ನೂ ಬಿಲ್ಲಿನ ಎದುರು ಇಟ್ಟು ಟಿಕ್ ಹಾಕುತ್ತಾ ಕೂತೆವು. ಪ್ರತಿಯೊಬ್ಬರಿಗೂ ಬಾಕಿ ಚೀಟಿ ಬರೆದು, ನಿಮ್ಮ ಪುಸ್ತಕಕ್ಕೆ ಹೊಂದುತ್ತದೆಯೇ ತಿಳಿಸಿ ಎಂದು ಕೆಳಗೆ ಸೇರಿಸಿದೆ. ಯಳಂದೂರಿನ ಚೀಟಿ ಬರೆಯುವಾಗ ಸೆಹ್ರಿಗೆ ಎಬ್ಬಿಸುವ ಕೂಗು ಕೇಳಿತು.